ಪರೀಕ್ಷೆಗೆ ಕುಂತ ಮೂರು ವರ್ಷ

ಬಿ.ಕಾಂ. ಮುಗಿದ ಮೇಲೆ, ೧೯೯೯ರಿಂದ ೨೦೦೨ರವರೆಗೆ, ಶಾಂತಕುಮಾರಿ ಸರ್ಕಾರಿ ಪರೀಕ್ಷೆಗಳಿಗೆ ಓದಿದ್ದಳು. ಕೊಟ್ಟೂರಿನ ಬೀಜದ ಕಂಪನಿಯೊಂದಕ್ಕೆ ಅರ್ಜಿ ಟೈಪ್ ಮಾಡಿಸುವಾಗ ಆ ವರ್ಷಗಳು ಅಡ್ಡ ಬಂದವು.

"ಅಲ್ಲಿ ಖಾಲಿ ಐತ್ರಿ ಅಕ್ಕಾ," ಎಂದ ಕಂಪ್ಯೂಟರ್ ಅಂಗಡಿಯ ಇಶ್ತಿಯಾಕ. "ನಮ್ಮ ಅಂಗಡ್ಯಾಗ ಕೆಲಸ ಮಾಡೀರಿ ಅಂತ ಹಾಕ್ಲೇನು? ಸರ್ಟಿಫಿಕೇಟೂ ಕೊಡ್ತೀನಿ."

ಆಕೆ ಎದ್ದು ಬಾಗಿಲವರೆಗೆ ಹೋಗಿ, ಮರಳಿ ಬಂದು ಕೂತಳು. "ಬ್ಯಾಡ. ಪರೀಕ್ಷೆ ತಯಾರಿ ಅಂತನ ಹಾಕು."

ಸಂದರ್ಶನದಲ್ಲಿ ಮ್ಯಾನೇಜರ್ ಹುಲುಗಣ್ಣ ಆ ಸಾಲಿನ ಮೇಲೆ ಬೆರಳಿಟ್ಟರು. "ಈ ಮೂರು ವರ್ಷ?"

"ಪರೀಕ್ಷೆಗೆ ಕುಂತಿದ್ದೆ ಸರ್."

"ಬರೇ ಕುಂತಿದ್ರೇನು?" ಅವರು ನಕ್ಕರು.

ಶಾಂತಕುಮಾರಿ ಐದು ಹಾಲ್ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟಳು. "ಬ್ಯಾಂಕು, ರೈಲ್ವೆ, ಎಫ್‌ಡಿಎ. ಐದು ಸಲ ಕುಂತೀನ್ರಿ. ಒಂದಂತೂ ಎರಡ ಮಾರ್ಕಿನಾಗ ಹೋತು. ಲೆಕ್ಕ, ಪತ್ರ ಬರಿಯೋದು ಚಲೋ ಕಲ್ತೀನಿ."

"ನಾಳೆ ಸರ್ಕಾರಿ ಆರ್ಡರ್ ಬಂದ್ರ ನಮ್ಮನ್ನ ಬಿಟ್ಟು ಓಡ್ತೀರಲ್ಲ?"

ಈ ಪ್ರಶ್ನೆಗೇ ಆಕೆ ಹೆದರಿದ್ದಳು. "ಒಂದು ರಿಸಲ್ಟ್ ಬಾಕಿ ಐತ್ರಿ. ಬಂದ್ರ ಹೋಗ್ತೀನಿ. ಆದ್ರ ಒಂದು ತಿಂಗಳ ಮೊದಲ ಹೇಳ್ತೀನಿ."

ಹುಲುಗಣ್ಣ ಹಾಲ್ ಟಿಕೆಟ್‌ಗಳನ್ನು ಜೋಡಿಸಿ ಹಿಂದಕ್ಕೆ ಕೊಟ್ಟರು. "ಸೋಮವಾರ ಬರ್ರಿ. ಇಲ್ಲಿ ಮಾತ್ರ ಬರೇ ಕುಂತ್ರ ನಡಿಯಂಗಿಲ್ಲ."

ರಸ್ತೆಗೆ ಬಂದಾಗ, ಬಾಕಿ ಇರುವ ಆ ರಿಸಲ್ಟ್ ಬರಲಿ ಎನ್ನಬೇಕೋ ಬೇಡ ಎನ್ನಬೇಕೋ ಆಕೆಗೆ ತಿಳಿಯಲಿಲ್ಲ.