ಎಡಗಿವಿಯ ನೀರು

ನುಂಗಂಬಾಕ್ಕಂನ ಆ ಹಳೆಯ ಮೂರಂತಸ್ತಿನ ಕಟ್ಟಡದಲ್ಲಿ ಯಾವ ಮಗುವಿಗೆ ಕಿವಿನೋವು ಬಂದರೂ ಮೊದಲು ತಟ್ಟುತ್ತಿದ್ದದ್ದು ಅಮ್ಮಣ್ಣಿಯ ಬಾಗಿಲನ್ನೇ. ಓಮ ಹಾಕಿ ಕಾಯಿಸಿದ ಎಳ್ಳೆಣ್ಣೆ ಎರಡು ಹನಿ, ಮೇಲೊಂದು ಹತ್ತಿಯುಂಡೆ. ನಲವತ್ತು ವರ್ಷದಲ್ಲಿ ಒಂದು ದೂರೂ ಬಂದಿಲ್ಲ ಎಂದು ಆಕೆ ಹೇಳಿಕೊಳ್ಳುತ್ತಿದ್ದಳು. ಅವಳ ಎದುರು ನಿಂತು ದೂರು ಹೇಳುವ ಎದೆಗಾರಿಕೆ ಯಾರಿಗಿತ್ತು ಅನ್ನುವುದು ಬೇರೆ ಮಾತು.

ಗಂಡ ಬದರಿನಾಥರು ವಿಮಾ ಕಚೇರಿಯಿಂದ ನಿವೃತ್ತರಾಗಿ ಹನ್ನೆರಡು ವರ್ಷ. ಭೂಮಿ ತಲೆಕೆಳಗಾದರೂ ಶನಿವಾರದ ಎಣ್ಣೆಸ್ನಾನ ತಪ್ಪಿಸಿದವರಲ್ಲ. ಆ ಶನಿವಾರವೂ ಅಮ್ಮಣ್ಣಿ ಅವರ ನೆತ್ತಿಗೆ ಎಣ್ಣೆ ತಟ್ಟಿದಳು, ಸೀಗೆಪುಡಿ ಕಲಸಿಟ್ಟಳು. ಬಚ್ಚಲಲ್ಲಿ ಚೆಲ್ಲಿದ ಎಣ್ಣೆಯನ್ನು ಒರೆಸಬೇಕು ಅಂದುಕೊಂಡಳು. ಅಷ್ಟರಲ್ಲಿ ಕುಕ್ಕರ್ ಕೂಗಿತು, ಒಳಗೆ ಹೋದಳು. ಸ್ನಾನ ಮುಗಿಸಿ ಎದ್ದ ಬದರಿನಾಥರ ಕಾಲು ಜಾರಿ, ತಲೆಯ ಎಡಭಾಗ ಬಚ್ಚಲ ಕಟ್ಟೆಗೆ ಬಡಿಯಿತು. ಸದ್ದು ಅಡುಗೆಮನೆಯವರೆಗೆ ಕೇಳಿಸಿತು.

ಒಂದು ನಿಮಿಷ ಅವರಿಗೆ ಮಾತು ಹೊರಡಲಿಲ್ಲ. ಆಮೇಲೆ ಪಂಚೆ ಸರಿಮಾಡಿಕೊಂಡು, ನಾಚಿಕೆಯಿಂದಲೇ ಎದ್ದು ಬಂದು ಕುರ್ಚಿಯಲ್ಲಿ ಕೂತರು.

"ಏನೂ ಆಗಿಲ್ಲ ಕಣೇ. ನಿನ್ನ ಮಗ ಸುಶಮೀಂದ್ರಂಗೆ ಫೋನು ಗೀನು ಮಾಡ್ಬೇಡ. ಪಲ್ಲಾವರದಿಂದ ಓಡಿ ಬಂದುಬಿಡ್ತಾನೆ."

ಅಮ್ಮಣ್ಣಿ ತಲೆಯನ್ನು ಸವರಿ ನೋಡಿದಳು. ಗಾಯವಿಲ್ಲ, ಒಂದು ಸಣ್ಣ ಬುಗುಟು ಅಷ್ಟೇ. ಎಡಗಿವಿಯಿಂದ ಮಾತ್ರ ನಸುಗೆಂಪು ನೀರು ಇಳಿಯುತ್ತಿತ್ತು. ಬಿದ್ದಾಗ ಎಲ್ಲೋ ತರಚಿರಬೇಕು, ಉಳಿದದ್ದು ಸ್ನಾನದ ನೀರು ಎಂದು ಆಕೆ ತೀರ್ಮಾನಿಸಿಬಿಟ್ಟಳು.

"ಚೊಂಬು ಚೊಂಬಾಗಿ ಸುರ್ಕೊಂಡ್ರೆ ಕಿವಿಗೆ ಹೋಗ್ದೆ ಎಲ್ಲಿ ಹೋಗುತ್ತೆ? ತಲೆ ಬಗ್ಸಿ."

ಎರಡು ಹನಿ ಎಣ್ಣೆ ಬಿಟ್ಟಳು. ಮೇಲೆ ಹತ್ತಿಯಿಟ್ಟು ಬಿಗಿಯಾಗಿ ಒತ್ತಿದಳು.

ಹತ್ತು ನಿಮಿಷಕ್ಕೆ ಹತ್ತಿ ತೊಯ್ದಿತು. ಬದಲಾಯಿಸಿದಳು. ಅದೂ ತೊಯ್ದಿತು. ಮೂರನೆಯದನ್ನು ಇಡುವಾಗ ಬದರಿನಾಥರು ಬಾಯಿ ಚಪ್ಪರಿಸಿ, "ಗಂಟಲಲ್ಲಿ ಏನೋ ಉಪ್ಪುಪ್ಪಾಗಿ ಇಳೀತಿದೆ" ಅಂದರು.

"ಬೋರ್ ನೀರು ತಾನೆ. ಈ ಊರಲ್ಲಿ ಅದು ಸಿಹಿ ಯಾವಾಗ ಇತ್ತು?"

ಎಲ್ಲದಕ್ಕೂ ಅವಳ ಹತ್ತಿರ ಉತ್ತರವಿತ್ತು ನೋಡಿ. ಅವರ ಕಣ್ಣು ಮುಚ್ಚುತ್ತಾ ಬಂದದ್ದಕ್ಕೂ ಇತ್ತು. ಎಣ್ಣೆಸ್ನಾನವಾದರೆ ಮಂಪರು ಬಂದೇ ಬರುತ್ತದೆ. ಆದರೆ ಆ ದಿನ ಹಗಲು ಮಲಗಬಾರದು, ಅದು ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಆ ಕಟ್ಟಳೆಗಾಗಿಯೇ ಆಕೆ ಐದೈದು ನಿಮಿಷಕ್ಕೊಮ್ಮೆ ಅವರ ಭುಜ ಅಲುಗಿಸುತ್ತಿದ್ದಳು. ಮೊದಲು "ಸುಮ್ನಿರೇ" ಅನ್ನುತ್ತಿದ್ದರು. ಆಮೇಲೆ ಬರೀ "ಹ್ಞಾ" ಅಂದರು. ನಾಲ್ಕನೆಯ ಸಲ ಏನೂ ಅನ್ನದೆ ಮುಂದಕ್ಕೆ ವಾಲಿ ವಾಂತಿ ಮಾಡಿಕೊಂಡರು.

ಅಮ್ಮಣ್ಣಿಯ ಕೈಯಲ್ಲಿ ನಾಲ್ಕನೆಯ ಹತ್ತಿಯಿತ್ತು. ಒಂದು ಕಿವಿಯಲ್ಲಿ ಎಷ್ಟು ನೀರು ಹಿಡಿದೀತು? ಸ್ನಾನವಾಗಿ ಮುಕ್ಕಾಲು ಗಂಟೆಯಾಗಿತ್ತು. ಮೊಟ್ಟಮೊದಲ ಬಾರಿಗೆ ಅವಳಿಗೆ ಉತ್ತರ ಹೊಳೆಯಲಿಲ್ಲ. ಬಾಲ್ಕನಿಗೆ ಓಡಿ ಕೆಳಮನೆಯ ಸುಮತಿಯನ್ನು ಕೂಗಿದಳು.

ಸುಮತಿ ರೈಲ್ವೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು. ಬಂದವಳೇ ಅವರನ್ನು ನೋಡಿದಳು, ಆಮೇಲೆ ಹೆಗಲ ಟವೆಲನ್ನು ನೋಡಿದಳು. ಅಲ್ಲಿ ಬಿದ್ದ ಹನಿಯ ನಡುವೆ ಕೆಂಪು, ಸುತ್ತ ನೀರಿನಂಥ ತಿಳಿ ಉಂಗುರ.

"ಮಾಮಿ, ಇದು ಸ್ನಾನದ ನೀರಲ್ಲ. ಮಿದುಳಿನ ಸುತ್ತ ಇರೋ ನೀರು. ತಲೆಬುರುಡೆ ತಳದಲ್ಲಿ ಬಿರುಕು ಬಿಟ್ಟಿರ್ಬೇಕು."

ಅಷ್ಟು ಹೇಳುತ್ತಲೇ 108ಕ್ಕೆ ಫೋನು ಮಾಡಿದಳು. ಕಿವಿಗೆ ತುರುಕಿದ್ದ ಹತ್ತಿಯನ್ನು ಮೆಲ್ಲಗೆ ತೆಗೆದಳು. ಕತ್ತು ತಿರುಚದಂತೆ ತಲೆ ಮೈ ಒಟ್ಟಿಗೆ ಹಿಡಿದು, ಇಬ್ಬರೂ ಸೇರಿ ಅವರನ್ನು ನೆಲಕ್ಕಿಳಿಸಿ ಎಡಮಗ್ಗುಲಿಗೆ ಮಲಗಿಸಿದರು. ಕಿವಿಯ ಕೆಳಗೆ ಒಗೆದ ಬಿಳಿಬಟ್ಟೆಯನ್ನು ಒತ್ತದೆ ಸಡಿಲವಾಗಿ ಹಾಸಿದರು.

"ಹರೀತಿದೆಯಲ್ಲೇ, ನಿಲ್ಲಿಸೋದು ಬೇಡ್ವಾ?"

"ಬೇಡ. ಮುಚ್ಚಿದ್ರೆ ಒಳಗೇ ಕಟ್ಟುತ್ತೆ, ಕೊಳೆ ಒಳಕ್ಕೇ ಹೋಗುತ್ತೆ. ಆ ದಾರಿ ಈಗ ನೇರ ಮಿದುಳಿಗೆ ತೆರೆದಿದೆ ಮಾಮಿ. ಕಾಫಿ ಬೇಡ, ನೀರೂ ಬೇಡ. ಎಚ್ಚರ ಆಗಿ ಮೂಗು ಸೀಟ್ಬೇಕು ಅಂದ್ರೂ ಬಿಡ್ಬೇಡಿ."

ದಾರಿ ತೆರೆದಿದೆ ಎಂದಾಗ ಅಮ್ಮಣ್ಣಿ ಒಲೆಯ ಪಕ್ಕದ ಎಣ್ಣೆಸೌಟಿನ ಕಡೆ ನೋಡಿದಳು. ಬಾಯಿ ಮಾತ್ರ ಬಿಡಲಿಲ್ಲ.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸ್ಕ್ಯಾನ್ ಆಗುವ ಹೊತ್ತಿಗೆ ಸುಶಮೀಂದ್ರನೂ ಬಂದು ಸೇರಿದ. ಡಾಕ್ಟರ್ ವಿಭಾ ಹೊರಗೆ ಬಂದು ತಮಿಳಿನಲ್ಲಿ ಬಿಡಿಸಿ ಹೇಳಿದಳು. ಎಡಗಿವಿಯ ಹಿಂದಿನ ಮೂಳೆ ಸೀಳಿದೆ. ಒಳಗೊಂದು ರಕ್ತನಾಳ ಹರಿದು, ಮೂಳೆಗೂ ಮಿದುಳಿನ ಪೊರೆಗೂ ನಡುವೆ ರಕ್ತ ಕಟ್ಟುತ್ತಿದೆ. ಎದ್ದು ಕೂತು ಮಾತಾಡಿದವರು ಮತ್ತೆ ಮಂಕಾದದ್ದು ಅದಕ್ಕೇ. ಈಗಲೇ ಆಪರೇಷನ್ ಆಗಬೇಕು. ಇನ್ನೊಂದು ಗಂಟೆ ನಿದ್ದೆಯೆಂದು ಬಿಟ್ಟಿದ್ದರೆ ಏಳಿಸಲಾಗುತ್ತಿರಲಿಲ್ಲ.

"ಕಿವಿಗೆ ಏನಾದ್ರೂ ಹಾಕಿದ್ರಾ?"

ಸುಶಮೀಂದ್ರ ತಾಯಿಯ ಮುಖ ನೋಡಿದ. ಜೊತೆಗೆ ಬಂದಿದ್ದ ಸುಮತಿಯೂ ನೋಡಿದಳು.

"ಹತ್ತಿ... ಹತ್ತಿ ಮಾತ್ರ" ಅಂದಳು ಅಮ್ಮಣ್ಣಿ.

ಡಾಕ್ಟರ್ ಬರೆದುಕೊಂಡು ತಿರುಗಿದಳು. ಗಾಲಿಮಂಚ ಉರುಳತೊಡಗಿತು. ನಲವತ್ತು ವರ್ಷದ ಮರ್ಯಾದೆ ಒಂದು ಕಡೆ, ಆ ಮಂಚದ ಮೇಲೆ ಮಲಗಿದವರು ಇನ್ನೊಂದು ಕಡೆ. ಮಂಚ ಬಾಗಿಲು ದಾಟುವ ಮೊದಲೇ ಅಮ್ಮಣ್ಣಿ ಸೆರಗು ಎಳೆಯುತ್ತ ಓಡಿ ಡಾಕ್ಟರ ತೋಳು ಹಿಡಿದಳು.

"ಎಣ್ಣೆ ಹಾಕ್ದೆ. ಎರಡು ಹನಿ, ಎಳ್ಳೆಣ್ಣೆ. ಸುಳ್ಳು ಹೇಳ್ದೆ ಡಾಕ್ಟರ್."

ವಿಭಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಮ್ಮಣ್ಣಿಗೆ. ಹೇಳಿದ್ದು ಒಳ್ಳೆಯದಾಯಿತು, ಮಿದುಳಿನ ಪೊರೆಗೆ ಸೋಂಕು ತಗಲೀತೇ ಎಂದು ಇನ್ನೂ ಹೆಚ್ಚು ಎಚ್ಚರದಿಂದ ನೋಡಿಕೊಳ್ಳುತ್ತೇವೆ, ಜ್ವರ ಬಂದರೆ, ಕತ್ತು ಬಿಗಿದರೆ ಕೂಡಲೇ ಔಷಧಿ ಶುರುಮಾಡುತ್ತೇವೆ ಎಂದು ಹೇಳಿ ಒಳಗೆ ಹೋದಳು. ಸುಶಮೀಂದ್ರ ಕಿಟಕಿಯ ಕಡೆ ಮುಖ ಮಾಡಿ ನಿಂತ. ಮಗ ಜಗಳವಾಡದ ದಿನ ಅದೊಂದೇ.

ಆಪರೇಷನ್ ಸುಸೂತ್ರವಾಯಿತು. ಆಮೇಲಿನ ದಿನಗಳಲ್ಲಿ ಅಮ್ಮಣ್ಣಿ ದೇವರಿಗಿಂತ ಹೆಚ್ಚಾಗಿ ಕಾದದ್ದು ಎರಡಕ್ಕೆ: ಥರ್ಮಾಮೀಟರಿನ ಲೆಕ್ಕಕ್ಕೆ, ಕಿವಿಯ ಮೇಲಿನ ಬಟ್ಟೆಗೆ. ಎರಡನೆಯ ದಿನ ಕಿವಿಯ ಹಿಂದೆ ನೇರಳೆ ಬಣ್ಣದ ಕಲೆ ಮೂಡಿತು. ಆರನೆಯ ದಿನ ಬಟ್ಟೆ ಒಣಗಿಯೇ ಬಂತು. ಜ್ವರ ಬರಲಿಲ್ಲ. ಆದರೂ ಇನ್ನೂ ಕೆಲವು ವಾರ ಎಚ್ಚರವಿರಬೇಕೆಂದು ವಿಭಾ ಹೇಳಿದ್ದಳು, ಅಮ್ಮಣ್ಣಿಯ ಎದೆ ಹಗುರಾಗಲಿಲ್ಲ.

ಆ ಮಧ್ಯಾಹ್ನ ವಾರ್ಡಿನಲ್ಲಿ ಇಬ್ಬರೇ ಇದ್ದರು. ಬದರಿನಾಥರು ಕಣ್ಣು ತೆರೆದು ಸೂರು ನೋಡುತ್ತಿದ್ದರು. ಅಮ್ಮಣ್ಣಿ ಎಡಗಡೆಯ ಸ್ಟೂಲಿನಲ್ಲಿ ಕೂತು, ಬಗ್ಗಿ, ಆರು ದಿನ ಅರೆದು ಇಟ್ಟುಕೊಂಡದ್ದನ್ನೆಲ್ಲ ಹೇಳಿದಳು. ಬಚ್ಚಲು ಒರೆಸದೆ ಹೋದದ್ದು, ಎಣ್ಣೆ ಬಿಟ್ಟದ್ದು, ಡಾಕ್ಟರಿಗೆ ಮೊದಲು ಸುಳ್ಳು ಹೇಳಿದ್ದು. ಹೇಳಿ ಮುಗಿಸಿ ಕಣ್ಣೊರೆಸಿಕೊಂಡು ಉತ್ತರಕ್ಕೆ ಕಾದಳು.

ಅವರು ಸೂರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಲೆ ತಿರುಗಿಸಿ ಅವಳನ್ನು ಕಂಡು ಬೆಚ್ಚಿದರು.

"ಯಾವಾಗ ಬಂದೆ? ಬಲಗಡೆ ಬಾರೇ. ಆ ಕಿವಿ ಕೇಳಿಸ್ತಾ ಇಲ್ಲ."

ಒಮ್ಮೆ ಹೇಳಿಯಾಗಿದೆಯಲ್ಲ, ಸಾಕು ಎಂದು ಅಮ್ಮಣ್ಣಿಯ ಒಂದು ಮನಸ್ಸು ಅಂದಿತು. ಆಮೇಲೆ ಎದ್ದು, ಸ್ಟೂಲನ್ನು ಎತ್ತಿಕೊಂಡು, ಮಂಚ ಸುತ್ತಿ ಬಲಗಡೆಗೆ ಹೋಗಿ ಕೂತಳು. ಮೊದಲಿನಿಂದ ಶುರುಮಾಡಿದಳು.