ನಮಸ್ಕಾರದ ಪಕ್ಕದ ಒಂದು ಸಾಲು

ಬ್ಯಾಂಕಿನ ಚಾಟ್ ತೆರೆದ ಕೂಡಲೇ ಗ್ರಾಹಕರಿಗೆ ಕಾಣುವ ಮಾತುಗಳನ್ನು ಬರೆಯುವವಳಿಗೆ ಆಫೀಸಿನಲ್ಲಿ ಕತ್ತರಿ ಎಂದೇ ಹೆಸರು. ಯಾರು ಏನು ಬರೆದುಕೊಟ್ಟರೂ ಅರ್ಧ ಕತ್ತರಿಸುತ್ತಿದ್ದಳು. ಉಳಿದ ಅರ್ಧ ಮಾತ್ರ ಜನರ ಮನಸ್ಸಿನಲ್ಲಿ ನಿಲ್ಲುತ್ತಿತ್ತು.

ಹೋದ ತಿಂಗಳ ಚಾಟ್‌ಗಳನ್ನು ಅವಳು ಒಂದೊಂದಾಗಿ ಓದಿದ್ದಳು. ನಲವತ್ತೊಂದು ಜನ, ಯಾರೂ ಕೇಳದೆಯೇ, ಆರಂಕಿಯ ಒಟಿಪಿಯನ್ನು ಅಲ್ಲಿ ಬರೆದುಬಿಟ್ಟಿದ್ದರು. ಬ್ಯಾಂಕೇ ಅಲ್ಲವೇ ಎಂಬ ನಂಬಿಕೆ. ಅದೇ ನಂಬಿಕೆಯಲ್ಲಿ ಮೂವರು, ಬ್ಯಾಂಕಿನವರೆಂದು ಫೋನ್ ಮಾಡಿದ ಕಳ್ಳರಿಗೂ ಹೇಳಿ ಕೈ ಸುಟ್ಟುಕೊಂಡಿದ್ದರು.

"ನಮಸ್ಕಾರದ ಜೊತೆಗೇ ಎಚ್ಚರಿಕೆ ಹಾಕೋಣ ಸರ್," ಎಂದಳು.

"ಮನೆಗೆ ಬಂದವರಿಗೆ ಕೂತ್ಕೊಳ್ಳಿ ಅನ್ನೋ ಮುಂಚೆ ನಾಯಿ ಇದೆ ಅಂದ ಹಾಗಾಗುತ್ತಲ್ಲಮ್ಮ," ಎಂದರು ಮುಖ್ಯಸ್ಥರು.

"ನಾಯಿ ಇರೋದು ನಿಜ ತಾನೆ ಸರ್? ಕಚ್ಚಿದ ಮೇಲೆ ಹೇಳೋದು ಯಾವ ಮರ್ಯಾದೆ?"

ಬ್ಯಾಂಕಿನ ವಕೀಲರು ಪಿನ್, ಪಾಸ್‌ವರ್ಡ್, ಲಿಂಕು ಎಲ್ಲ ಸೇರಿಸಿ ಎಂಟು ಸಾಲು ಬರೆದು ತಂದರು. "ಒಂದೂ ಬಿಡೋ ಹಾಗಿಲ್ಲ."

ಕತ್ತರಿ ವಾದಿಸಲಿಲ್ಲ. ನೆಲ ಒರೆಸುತ್ತಿದ್ದ ಅಕ್ಕನನ್ನು ಕರೆದು, ಆ ಎಂಟು ಸಾಲು ಹಾಕಿದ ಚಾಟ್ ತೆರೆದು ಫೋನ್ ಕೊಟ್ಟಳು. "ಅಕ್ಕಾ, ನಿಮ್ಮ ಕಾರ್ಡು ಕಳೆದಿದೆ ಅಂದ್ಕೊಳ್ಳಿ. ಇದರಲ್ಲಿ ತಿಳಿಸಿ."

ಅಕ್ಕ ಕೈ ಒರೆಸಿಕೊಂಡು, ಹೆಬ್ಬೆರಳಿನಿಂದ ಎಂಟೂ ಸಾಲನ್ನು ಮೇಲೆ ತಳ್ಳಿದಳು.

"ಅಲ್ಲಿ ಏನಿತ್ತು?"

"ಏನೋ ಇತ್ತಮ್ಮ. ಔಷಧಿ ಡಬ್ಬಿಯಲ್ಲಿ ಮಡಚಿದ ಚೀಟಿ ಇರುತ್ತಲ್ಲ, ಹಾಗೆ."

ಕತ್ತರಿ ತಾನು ಬರೆದದ್ದನ್ನು ತೋರಿಸಿದಳು. ಅಕ್ಕ ನಿಧಾನವಾಗಿ ಓದಿದಳು: "ನಮಸ್ಕಾರ. ಒಟಿಪಿಯನ್ನು ಯಾರಿಗೂ ಕೊಡಬೇಡಿ, ನಮಗೂ. ಏನು ಸಹಾಯ ಬೇಕು?" ತಲೆಯೆತ್ತಿದಳು. "ನಿಮಗೂ ಕೊಡಬಾರದಾ?"

"ಬೇಡ. ನಾವು ಕೇಳೋದೇ ಇಲ್ಲ. ಕೇಳಿದವನು ನಮ್ಮವನಲ್ಲ."

ವಕೀಲರು ನಕ್ಕು ಪೆನ್ನು ಜೇಬಿಗಿಟ್ಟರು. ಪಾಸ್‌ವರ್ಡಿನ ಮಾತನ್ನು ಪಾಸ್‌ವರ್ಡ್ ಬದಲಿಸುವ ಕಡೆ ಹೇಳುವುದೆಂದಾಯಿತು. ಮುಖ್ಯಸ್ಥರು ಮಾತ್ರ, "ಶುಕ್ರವಾರದವರೆಗೆ ಇರಲಿ. ಜನ ಹೆದರಿ ಎದ್ದುಹೋದ್ರೆ ತೆಗೀತೀನಿ," ಎಂದರು.

ಶುಕ್ರವಾರ ಮಧ್ಯಾಹ್ನ ಅವರೇ ಪರದೆಯ ಮೇಲೆ ಬೆರಳಿಟ್ಟರು. "ನೋಡಿ, ಈಯಮ್ಮ ಚಾಟ್ ತೆರೆದು, ನಮಸ್ಕಾರ ಓದಿ, ಮಾತಾಡದೆ ಹೋಗಿದ್ದಾರೆ."

ಕತ್ತರಿ ಪರದೆಯತ್ತ ಬಾಗಿ ನೋಡಿದಳು. ವಾರದ ಕೆಲಸ ಮಣ್ಣುಪಾಲಾಯಿತೆಂದುಕೊಂಡಳು.

ಹತ್ತು ನಿಮಿಷದಲ್ಲಿ ಆ ಹೆಂಗಸು ಮರಳಿ ಬಂದಳು. ಬಟ್ಟೆ ಹೊಲಿಯುವವಳು ಎಂದು ಖಾತೆಯಲ್ಲಿತ್ತು. ಬರೆದಿದ್ದಳು: "ಬ್ಯಾಂಕಿನವನು ಅಂತ ಒಬ್ಬ ಫೋನಲ್ಲಿದ್ದ. ಒಟಿಪಿ ಬಂದಿತ್ತು, ಓದಿ ಹೇಳಿ ಅಂತ ಅವಸರ ಮಾಡ್ತಿದ್ದ. ಕೊಡಬಹುದಾ ಅಂತ ಕೇಳೋಕೆ ಇಲ್ಲಿಗೆ ಬಂದೆ. ನೀವು ಮೊದಲೇ ಬೇಡ ಅಂದಿದ್ರಿ. ಅವನಿಗೆ ನಾಲ್ಕು ಬೈದು ಫೋನಿಟ್ಟೆ. ಇನ್ನೇನು ಮಾಡ್ಲಿ?"

ಚಾಟಿಗೆ ಕೂತಿದ್ದ ಹುಡುಗಿ ಆಗಲೇ ಅವಳ ಕಾರ್ಡನ್ನು ತಡೆಹಿಡಿಯುವ ಕೆಲಸಕ್ಕಿಳಿದಿದ್ದಳು. ಮುಖ್ಯಸ್ಥರು ನಿಂತೇ ಎರಡು ಸಲ ಓದಿದರು.

"ಸಾಲು ತೆಗೀತೀನಿ ಅಂತ ನಾನು ಅಂದಿದ್ನಾ?"

"ಅಂದಿದ್ರಿ ಸರ್," ಎಂದಳು ಕತ್ತರಿ. "ಅದನ್ನೂ ಕತ್ತರಿಸಿದ್ದೀನಿ."