ಅಪ್ಪನಿಗೆ ತಡವಾದದ್ದನ್ನು ಯಾರು ಹೇಳಬೇಕು

ಶಾಲೆಯ ಗೋಡೆಪತ್ರಿಕೆಗೆಂದು ಮಗಳು ಕತೆ ಬರೆದಿದ್ದಳು. ಅದರಲ್ಲಿ ‘ನಾನು’ ಎನ್ನುವ ಹುಡುಗಿ ದಿನಾ ಸಂಜೆ ಗೇಟಿನ ಬಳಿ ಕಾಯುತ್ತಾಳೆ. ಉಳಿದ ಮಕ್ಕಳೆಲ್ಲ ಹೋದ ಮೇಲೆ ಅಪ್ಪ ಬರುತ್ತಾನೆ. ‘ಅಪ್ಪನಿಗೆ ನನ್ನ ನೆನಪೇ ಇರುವುದಿಲ್ಲ’ ಎಂಬಲ್ಲಿಗೆ ಕತೆ ಮುಗಿದಿತ್ತು.

ಟೀಚರಿಗೆ ಅಪ್ಪನ ಮೇಲೆ ಕನಿಕರ ಬಂತು. ‘ನಾನು’ ಬಿಟ್ಟು ‘ಅವಳು’ ಎಂದು ಬರೆದು ನೋಡು ಎಂದರು. ಮಗಳು ಮಧ್ಯಾಹ್ನದ ಬಿಡುವಿನಲ್ಲೇ ‘ನಾನು’ ಇದ್ದಲ್ಲೆಲ್ಲ ‘ಅವಳು’ ಮಾಡಿ ತಂದಳು.

“ಅಂಗಿ ಬದಲಾಯಿಸಿದ್ದೀಯ ಅಷ್ಟೇ, ಪುಟ್ಟಿ,” ಟೀಚರ್ ನಕ್ಕರು. “ಕತೆ ಇನ್ನೂ ಗೇಟ್ ಹತ್ರಾನೇ ನಿಂತಿದೆ. ‘ಅವಳು’ ಅಂತ ಬರೆದೂ ಒಬ್ಬಳ ಮನಸ್ಸಲ್ಲೇ ಇರಬಹುದು, ತಪ್ಪಲ್ಲ. ಆದ್ರೆ ಈಗ ಅಪ್ಪನ ಮನಸ್ಸಿಗೂ ಹೋಗಬಹುದು. ನೀನು ಹೋಗೇ ಇಲ್ಲ.”

ಹೋಗಲು ಅಲ್ಲೇನಿದೆಯೆಂದು ಗೊತ್ತಿರಬೇಕಲ್ಲ. ಅಪ್ಪ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದ. ಅವನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಅವಳು ಪಕ್ಕದಲ್ಲೇ ಕೂತು, ಕೆಲಸ ಮುಗಿದ ಮೇಲೆ ಏನು ಮಾಡ್ತೀಯ ಎಂದು ಕೇಳಿದಳು. ಅವನು ಮಾತು ಹಾರಿಸಿದ. ಅವಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊನೆಗೆ ಹೇಳಿದ: ದಿನವಿಡೀ ಬ್ಲೀಚಿನ ನಡುವೆ ಇದ್ದು ಮೈಯೆಲ್ಲ ಘಾಟು. ಹಿಂದೊಮ್ಮೆ ಗೇಟಿನ ಬಳಿ ಅವಳ ಗೆಳತಿ ಮೂಗು ಮುಚ್ಚಿಕೊಂಡಿದ್ದಳು. ಅಂದಿನಿಂದ ಆಸ್ಪತ್ರೆಯ ಬಚ್ಚಲಲ್ಲೇ ತಲೆ, ಕೈ ಉಜ್ಜಿ ತೊಳೆದು, ಬೇರೆ ಅಂಗಿ ತೊಟ್ಟೇ ಹೊರಡುತ್ತಾನೆ.

“ನಿಂಗೆ ಮುಜುಗರ ಆಗ್ಬಾರ್ದಲ್ಲ,” ಎಂದು ಮತ್ತೆ ಈರುಳ್ಳಿಗೆ ತಿರುಗಿದ.

ಅವಳು ಅಷ್ಟನ್ನೂ ಬರೆದು ಓದಿ ಹೇಳಿದಳು. ಈ ಸಲ ಕತೆ ಅಪ್ಪನ ಬಚ್ಚಲಿಗೂ ಹೋಗಿತ್ತು, ಅವನ ಅಳುಕಿಗೂ ಹೋಗಿತ್ತು. ಅಪ್ಪ ಹಾಳೆಯನ್ನು ಕೈಗೆ ತೆಗೆದುಕೊಂಡ.

“ಚೆನ್ನಾಗಿದೆ ಕಣಮ್ಮ. ಆದ್ರೆ ಗೋಡೆಗೆ ಅಂಟಿಸ್ಬೇಡ. ನಿನ್ನ ಹತ್ರ ಹೇಳಿದ್ದು, ಊರಿಗೆ ಹೇಳಿದ್ದಲ್ಲ.”

ಮಗಳು ಪೆನ್ನು ಕಚ್ಚುತ್ತ ಕೂತಳು. ಇದನ್ನು ಅಂಟಿಸಿದರೆ ಅಪ್ಪನಿಗೆ ನೋವು. ಹಳೆಯದನ್ನು ಅಂಟಿಸಿದರೆ ಅಪ್ಪನಿಗೆ ಅನ್ಯಾಯ.

ಊಟವಾದ ಮೇಲೆ ಅವಳು ಮತ್ತೆ ‘ನಾನು’ ಎಂದೇ ಶುರುಮಾಡಿದಳು. ಕತೆಯ ಹುಡುಗಿಗೆ ಬಚ್ಚಲಿನ ವಿಷಯ ಗೊತ್ತಾಗುವಂತಿಲ್ಲ. ಆದರೆ ಕಣ್ಣಿಗೆ ಕಾಣುವುದನ್ನು ಅವಳು ಹೇಳಬಹುದಲ್ಲ. ಓಡೋಡಿ ಬರುವ ಅಪ್ಪ, ನೀರಿಳಿಯುವ ಕೂದಲು, ಮೇಲೆ ಕೆಳಗಾದ ಗುಂಡಿಗಳು, ಕಿವಿಯ ಹಿಂದೆ ಒಂದಿಷ್ಟು ಸೋಪಿನ ನೊರೆ. ‘ಯಾಕೋ ಅಪ್ಪ ದಿನಾ ಹೀಗೇ ಬರುತ್ತಾನೆ’ ಎಂದು ಬರೆದು, ನೆನಪಿನ ಸಾಲನ್ನು ಕೈಬಿಟ್ಟಳು.

ಅಪ್ಪ ಓದಿದ. “ಯಾಕೆ ಅಂತ ಇವಳಿಗೆ ಗೊತ್ತೇ ಆಗ್ಲಿಲ್ವಲ್ಲ?”

“ಇವಳಿಗೆ ಗೊತ್ತಿಲ್ಲಪ್ಪ. ಆದ್ರೆ ಓದೋರಿಗೆ, ಪಾಪ ಎಷ್ಟು ಆಸೆಯಿಂದ ಬಂದಿದ್ದಾನೆ ಅಂತ ಗೊತ್ತಾಗುತ್ತೆ.”

“ಬ್ಲೀಚು?”

“ಅದು ನಮ್ಮಿಬ್ರಿಗೆ.”

ಅವನು ಮತ್ತೊಮ್ಮೆ ನಿಧಾನವಾಗಿ ಓದಿದ. ನೊರೆಯ ಸಾಲು ಬಂದಾಗ ಕೈ ತಾನಾಗಿ ಕಿವಿಯ ಹಿಂದೆ ಹೋಯಿತು.